ಡೊಳ್ಳಿನ ಏಟು ಉಳಿಸುವ ಲೆಕ್ಕ

ಕಂಪ್ಯೂಟರಿನಲ್ಲಿ ಯೂಟ್ಯೂಬ್ ತೆರೆದು ಇತ್ತೀಚಿನ ಯಾವುದಾದರೂ ಸಿನಿಮಾ ಹಾಡು ಹಾಕಿ. ವಿಡಿಯೋದ ಮೇಲೆ ಮೌಸ್ ಇಟ್ಟು ಬಲಗುಂಡಿ ಒತ್ತಿದರೆ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ಕೊನೆಯ ಕಡೆಗೆ `Stats for nerds` ಎಂದಿರುವುದನ್ನು ಒತ್ತಿ. ಪರದೆಯ ಮೂಲೆಯಲ್ಲಿ ಮೂಡುವ ಅಂಕಿಗಳ ನಡುವೆ ಹೀಗೊಂದು ಸಾಲು ಕಾಣಬಹುದು:

```
Volume / Normalized   100% / 56% (content loudness 5.0dB)
```

ನೀವು ವಾಲ್ಯೂಮನ್ನು ಪೂರ್ತಿ ನೂರಕ್ಕೆ ಇಟ್ಟಿದ್ದೀರಿ. ಯೂಟ್ಯೂಬ್ ಅದನ್ನು ಐವತ್ತಾರಕ್ಕೆ ಇಳಿಸಿ ಕೇಳಿಸುತ್ತಿದೆ. ಹಾಡು ತನ್ನ ಅಳತೆಗಿಂತ 5 ಡೆಸಿಬೆಲ್ ಜೋರಾಗಿದೆ ಎಂದು ಕಂಡುಕೊಂಡು ಅಷ್ಟನ್ನೂ ತಗ್ಗಿಸಿದೆ. ಸ್ಟುಡಿಯೋದಲ್ಲಿ ಯಾರೋ ಕೂತು ಕಷ್ಟಪಟ್ಟು ಏರಿಸಿದ ಜೋರು ಕೇಳುಗನ ಕಿವಿಗೆ ತಲುಪುವ ಮೊದಲೇ ಇಳಿದುಹೋಗಿದೆ.

ಇಳಿದದ್ದು ಜೋರು ಮಾತ್ರ. ಆ ಜೋರಿಗಾಗಿ ಹಾಡಿನ ಮೇಲೆ ಮಾಡಿದ ಒತ್ತಾಯದ ಗುರುತು ಹಾಗೇ ಉಳಿದಿರುತ್ತದೆ. ಹಾಡು ಮುಗಿದು ಬಿಡುಗಡೆಗೆ ಹೊರಡುವ ಮುನ್ನ ನಡೆಯುವ ಕೊನೆಯ ಕೆಲಸದಲ್ಲಿ, ಅಂದರೆ ಮಾಸ್ಟರಿಂಗಿನಲ್ಲಿ, ಇವತ್ತು ತಿಳಿದಿರಬೇಕಾದ ಮುಖ್ಯ ವಿಷಯ ಇದೇ. ಸ್ವಂತ ಹಾಡು ಮಾಡಿ ಸ್ಪಾಟಿಫೈಗೋ ಯೂಟ್ಯೂಬಿಗೋ ಬಿಡುವವರು ಈಗ ಊರೂರಲ್ಲಿದ್ದಾರೆ. ಮನೆಯ ಕೋಣೆಯಲ್ಲೇ ಮಾಸ್ಟರಿಂಗ್ ಮುಗಿಸುತ್ತಾರೆ. ಅವರಿಗೂ, ಹಾಡು ಯಾಕೆ ಹಾಗೆ ಕೇಳಿಸುತ್ತದೆ ಎಂದು ತಿಳಿಯಬೇಕೆನ್ನುವ ಕೇಳುಗರಿಗೂ ಈ ಲೆಕ್ಕ ಬೇಕಾದದ್ದು.

ಜೋರನ್ನು ಅಳೆಯುವ ಬಗೆ

ಒಂದು ಹಾಡು ಎಷ್ಟು ಜೋರು ಎಂಬುದನ್ನು ಹಿಂದೆ ಪೀಕ್ ನೋಡಿ ಹೇಳುತ್ತಿದ್ದರು. ಪೀಕ್ ಅಂದರೆ ದನಿಯ ಅಲೆ ಮುಟ್ಟುವ ಅತಿ ಎತ್ತರದ ತುದಿ. ಡಿಜಿಟಲ್ ಫೈಲಿನಲ್ಲಿ ಅದಕ್ಕೆ 0 ಡೆಸಿಬೆಲ್ ಎಂಬ ಮೇಲ್ಮಿತಿ ಇದೆ; ಉಳಿದೆಲ್ಲವೂ ಅದರ ಕೆಳಗೆ, ಮೈನಸ್ ಅಂಕಿಗಳಲ್ಲಿ. ಆದರೆ ಕಿವಿ ಪೀಕನ್ನು ನೋಡಿ ಜೋರು ಅನ್ನುವುದಿಲ್ಲ. ಡೊಳ್ಳಿನ ಒಂದು ಏಟಿನ ತುದಿ ಕೆಲವೇ ಮಿಲಿಸೆಕೆಂಡ್ ಇದ್ದು ಮಾಯವಾಗುತ್ತದೆ. ಹಾರ್ಮೋನಿಯಂ ಶ್ರುತಿ ಅದರ ಅರ್ಧ ಎತ್ತರವನ್ನೂ ಮುಟ್ಟದೆ, ಬಿಡದೆ ಮೊಳಗುತ್ತಿರುತ್ತದೆ. ಜೋರು ಅನ್ನಿಸುವುದು ಹೆಚ್ಚಾಗಿ ಈ ಬಿಡದೆ ಮೊಳಗುವ ದನಿಯಿಂದ.

ಈ ಅನ್ನಿಸಿಕೆಗೆ ಹತ್ತಿರವಾದ ಒಂದು ಅಳತೆಯನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲಿ ಪ್ರಕಟಿಸಿತು. ಆ ಶಿಫಾರಸಿನ ಹೆಸರು ಬಿಎಸ್ 1770. ಟಿವಿಯಲ್ಲಿ ಧಾರಾವಾಹಿಗಿಂತ ಜಾಹೀರಾತು ಕಿರುಚಬಾರದು ಎಂಬಂಥ ಪ್ರಸಾರದ ತೊಂದರೆಗಳಿಗಾಗಿ ಹುಟ್ಟಿದ ಅಳತೆ ಇದು; ಈಗ ಹಾಡುಗಳನ್ನೂ ಇದರಲ್ಲೇ ಅಳೆಯುತ್ತಾರೆ. ಇದರ ಮಾನ ಎಲ್‌ಯುಎಫ್‌ಎಸ್. ಇದು ಹಾಡನ್ನು 400 ಮಿಲಿಸೆಕೆಂಡಿನ ಸಣ್ಣ ತುಂಡುಗಳಾಗಿ ತೆಗೆದುಕೊಂಡು, ಒಂದೊಂದರ ಶಕ್ತಿಯನ್ನೂ ಅಳೆದು, ಇಡೀ ಹಾಡಿಗೆ ಸರಾಸರಿ ಹಾಕುತ್ತದೆ. ತೀರಾ ಕೆಳಗಿನ ಸ್ವರಗಳಿಗೆ ಕಿವಿ ಮಂದವಾದ್ದರಿಂದ ಅವುಗಳ ತೂಕ ಇಳಿಸುತ್ತದೆ. ಕಿವಿ ಚುರುಕಾಗಿರುವ ಮೇಲಿನ ಭಾಗಕ್ಕೆ ಸುಮಾರು 4 ಡೆಸಿಬೆಲ್ ಹೆಚ್ಚು ತೂಕ ಕೊಡುತ್ತದೆ. ಮೌನವನ್ನು, ಉಳಿದ ಹಾಡಿಗಿಂತ ತೀರಾ ಮೆಲ್ಲಗಿರುವ ಭಾಗವನ್ನು ಲೆಕ್ಕದಿಂದ ಬಿಡುತ್ತದೆ. ಹೀಗೆ ಇಡೀ ಹಾಡಿಗೆ ಬರುವ ಒಂದೇ ಅಂಕಿಗೆ ಇಂಟಿಗ್ರೇಟೆಡ್ ಲೌಡ್‌ನೆಸ್ ಎನ್ನುತ್ತಾರೆ.

ಸ್ಪಾಟಿಫೈ ಸಾಮಾನ್ಯ ಸೆಟಿಂಗಿನಲ್ಲಿ ಎಲ್ಲ ಹಾಡುಗಳನ್ನೂ -14 ಎಲ್‌ಯುಎಫ್‌ಎಸ್ ಸುತ್ತ ತಂದು ಕೇಳಿಸುತ್ತದೆ. ಯೂಟ್ಯೂಬಿನ ಗೆರೆಯೂ ಸುಮಾರು ಅಲ್ಲೇ ಇದೆ, ಆದರೆ ಅದು ಜೋರಾದದ್ದನ್ನು ಇಳಿಸುತ್ತದೆಯೇ ಹೊರತು ಮೆಲ್ಲಗಿರುವುದನ್ನು ಏರಿಸುವುದಿಲ್ಲ. ಆಪಲ್ ಮ್ಯೂಸಿಕ್‌ನ ಸೌಂಡ್ ಚೆಕ್ ಇನ್ನೂ ಕೆಳಗೆ, -16ರ ಸುತ್ತ ನಿಲ್ಲಿಸುತ್ತದೆ. ಇವರು ಯಾರೂ ನಿಮ್ಮ ಫೈಲನ್ನು ತಿದ್ದುವುದಿಲ್ಲ. ಹಾಡನ್ನು ಒಮ್ಮೆ ಅಳೆದು ಅಂಕಿಯನ್ನು ಬರೆದಿಟ್ಟುಕೊಂಡು, ಕೇಳಿಸುವಾಗ ಅದಕ್ಕೆ ತಕ್ಕಂತೆ ವಾಲ್ಯೂಮ್ ತಿರುಗಿಸುತ್ತಾರೆ, ಅಷ್ಟೇ.

ಲಿಮಿಟರ್ ಏನು ಮಾಡುತ್ತದೆ

ಹಾಡನ್ನು ಜೋರು ಮಾಡುತ್ತಾ ಹೋದಂತೆ ಅದರ ಎತ್ತರದ ತುದಿಗಳು ಮೊದಲು ಮೇಲ್ಮಿತಿಗೆ ಬಡಿಯುತ್ತವೆ. ಬಡಿದರೆ ಅಲೆಯ ತಲೆ ಚಪ್ಪಟೆಯಾಗಿ ಒಡಕು ದನಿ ಬರುತ್ತದೆ. ಇದನ್ನು ತಪ್ಪಿಸುವ ಸಾಧನ ಲಿಮಿಟರ್. ಮುಂದೆ ಬರುವ ತುದಿಯನ್ನು ಅದು ಕೆಲವು ಮಿಲಿಸೆಕೆಂಡ್ ಮೊದಲೇ ಕಂಡು, ಆ ಕ್ಷಣಕ್ಕೆ ಮಾತ್ರ ವಾಲ್ಯೂಮ್ ಇಳಿಸಿ, ತುದಿ ದಾಟಿದ ಮೇಲೆ ಮತ್ತೆ ಏರಿಸುತ್ತದೆ. ಹಳೆಯ ತೊಟ್ಟಿಮನೆಯ ತಗ್ಗು ಬಾಗಿಲಲ್ಲಿ ಎತ್ತರದವರು ತಲೆ ಬಗ್ಗಿಸಿ ದಾಟುವ ಹಾಗೆ. ಒಬ್ಬಿಬ್ಬರು ಬಗ್ಗಿದರೆ ಯಾರಿಗೂ ತಿಳಿಯುವುದಿಲ್ಲ. ಎಲ್ಲರೂ ನಡು ಮುರಿದುಕೊಂಡು ದಾಟಬೇಕಾದರೆ ಎತ್ತರದವರು ಯಾರು, ಗಿಡ್ಡಗಿನವರು ಯಾರು ಎಂಬುದೇ ಅಳಿಸಿಹೋಗುತ್ತದೆ.

ಹಾಡಿನಲ್ಲಿ ಆ ಎತ್ತರದ ತುದಿಗಳೆಂದರೆ ತಾಳವಾದ್ಯದ ಏಟುಗಳು. ತಬಲಾದ ಚಾಟಿ, ತಮಟೆಯ ಪೆಟ್ಟು, ಡ್ರಮ್ಮಿನ ಕಿಕ್. ಏಟಿಗೆ ಏಟಿನ ಗುಣ ಬರುವುದೇ ಆ ಮೊದಲ ಕ್ಷಣದ ತುದಿಯಿಂದ. ಲಿಮಿಟರ್ ಕತ್ತರಿಸುವುದು ಅದನ್ನೇ. ಆ ತುದಿ ತೀರಾ ಚಿಕ್ಕ ಹೊತ್ತಿನದಾದ್ದರಿಂದ ಅದು ಹೋದರೂ ಲೌಡ್‌ನೆಸ್ ಮೀಟರಿನ ಸರಾಸರಿ ಅಷ್ಟಾಗಿ ಕದಲುವುದಿಲ್ಲ. ಹಾಗಾಗಿ ಮೀಟರ್ ನೋಡಿಕೊಂಡು ಕೆಲಸ ಮಾಡುವವನಿಗೆ ಲಾಭ ಮಾತ್ರ ಕಾಣುತ್ತದೆ. ಹೋದದ್ದು ಏನೆಂಬುದು ಕಿವಿಗೆ ಮಾತ್ರ ಗೊತ್ತಾಗುತ್ತದೆ.

ವೇವ್ಸ್ ಕಂಪನಿಯ ಎಲ್1 ಎಂಬ ಸಾಫ್ಟ್‌ವೇರ್ ಲಿಮಿಟರ್ ಬಂದದ್ದು 1994ರಲ್ಲಿ. ಆಮೇಲೆ ಸಿಡಿಗಳು ವರ್ಷದಿಂದ ವರ್ಷಕ್ಕೆ ಜೋರಾಗುತ್ತಲೇ ಹೋದವು. 2008ರಲ್ಲಿ ಬಂದ ಮೆಟಾಲಿಕಾ ತಂಡದ ‘ಡೆತ್ ಮ್ಯಾಗ್ನೆಟಿಕ್’ ಆಲ್ಬಮ್ ಎಷ್ಟು ಹಿಂಡಿಹೋಗಿತ್ತೆಂದರೆ, ಅದೇ ಹಾಡುಗಳು ಗಿಟಾರ್ ಹೀರೋ ಎಂಬ ವಿಡಿಯೋ ಆಟದಲ್ಲಿ ಹೆಚ್ಚು ತಿಳಿಯಾಗಿ ಕೇಳಿಸುತ್ತವೆ ಎಂದು ಅಭಿಮಾನಿಗಳೇ ದೂರು ಬರೆದರು. ಸಿಡಿಯ ಕಾಲದಲ್ಲಿ ಆ ಜೋರಿಗೆ ಒಂದು ಕಾರಣವಾದರೂ ಇತ್ತು: ಪಕ್ಕದ ಸಿಡಿಗಿಂತ ನಿಮ್ಮದು ನಿಜಕ್ಕೂ ಜೋರಾಗಿ ಕೇಳಿಸುತ್ತಿತ್ತು. ಸ್ಟ್ರೀಮಿಂಗಿನಲ್ಲಿ ಆ ಕಾರಣದ ಬಹುಪಾಲು ಇಲ್ಲವಾಗಿದೆ.

ಒಂದು ಹಾಡಿನ ಲೆಕ್ಕ

ಲೆಕ್ಕಕ್ಕೆಂದು ಒಂದು ಹಾಡನ್ನು ಮುಂದಿಟ್ಟುಕೊಳ್ಳೋಣ. ಜನಪದ ಧಾಟಿಯ ಹೊಸ ಹಾಡು. ಒಬ್ಬ ಗಾಯಕಿ, ಹಿಂದೆ ಹಾರ್ಮೋನಿಯಂ, ಬೇಸ್ ಗಿಟಾರ್, ಪಲ್ಲವಿಗೆ ಬರುವ ಡೊಳ್ಳು. ಮಿಕ್ಸಿಂಗ್ ಮುಗಿದಿದೆ, ಇನ್ನೂ ಲಿಮಿಟರ್ ಹಾಕಿಲ್ಲ. ಇಡೀ ಹಾಡಿನ ಲೌಡ್‌ನೆಸ್ -19.5 ಎಲ್‌ಯುಎಫ್‌ಎಸ್, ಅತಿ ಎತ್ತರದ ಪೀಕ್ -6.2 ಡೆಸಿಬೆಲ್. ಆ ಪೀಕ್ ಡೊಳ್ಳಿನದು.

ಮೊದಲನೆಯ ಪ್ರತಿ. ಪೀಕ್ -1 ಮುಟ್ಟುವವರೆಗೆ ಇಡೀ ಹಾಡನ್ನು 5.2 ಡೆಸಿಬೆಲ್ ಏರಿಸುತ್ತೇವೆ. ಲೌಡ್‌ನೆಸ್ -14.3ಕ್ಕೆ ಬರುತ್ತದೆ. ಲಿಮಿಟರ್ ಏನನ್ನೂ ಮುಟ್ಟಿಲ್ಲ.

ಎರಡನೆಯ ಪ್ರತಿ. ನಿರ್ಮಾಪಕರು ಕೇಳಿ, ‘ಸರ್, ಆ ಸಿನಿಮಾ ಹಾಡಿನ ಪಕ್ಕ ಇದು ಸಪ್ಪೆ ಅನ್ನಿಸ್ತಿದೆ, ಇನ್ನೂ ಜೋರು ಬೇಕು’ ಅನ್ನುತ್ತಾರೆ. ಸರಿ, -8ಕ್ಕೆ ಒಯ್ಯುತ್ತೇವೆ. ಅದಕ್ಕೆ ಸುಮಾರು 12 ಡೆಸಿಬೆಲ್ ಏರಿಸಬೇಕು. ಡೊಳ್ಳಿನ ತುದಿ ಮೇಲ್ಮಿತಿ ದಾಟಿ 5.8ಕ್ಕೆ ಹೋಗುತ್ತದೆ. ಅದನ್ನು -1ಕ್ಕೆ ತರಲು ಲಿಮಿಟರ್ ಒಂದೊಂದು ದೊಡ್ಡ ಏಟಿನ ಮೇಲೂ ಸುಮಾರು 7 ಡೆಸಿಬೆಲ್ ಕತ್ತರಿಸಬೇಕು.

ಈಗ ಎರಡನ್ನೂ ಸ್ಪಾಟಿಫೈ ಸಾಮಾನ್ಯ ಸೆಟಿಂಗಿನಲ್ಲಿ ಕೇಳಿಸುತ್ತದೆ ಎಂದುಕೊಳ್ಳಿ. ಮೊದಲನೆಯದು ಹೇಗಿದೆಯೋ ಹಾಗೇ ಹೋಗುತ್ತದೆ: ಲೌಡ್‌ನೆಸ್ -14.3, ಡೊಳ್ಳಿನ ತುದಿ -1. ಎರಡನೆಯದನ್ನು 6 ಡೆಸಿಬೆಲ್ ಇಳಿಸುತ್ತಾರೆ: ಲೌಡ್‌ನೆಸ್ -14, ಡೊಳ್ಳಿನ ತುದಿ -7. ಗಾಯಕಿಯ ದನಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಜೋರು. ಡೊಳ್ಳು ಮಾತ್ರ ಎರಡನೆಯದರಲ್ಲಿ 6 ಡೆಸಿಬೆಲ್ ಕುಳ್ಳಗಾಗಿದೆ, ಅಂದರೆ ಅಲೆಯ ಎತ್ತರ ಅರ್ಧಕ್ಕೆ ಇಳಿದಿದೆ. ಜೋರು ಬೇಕೆಂದು ಕೇಳಿದವರಿಗೆ ಜೋರೂ ಸಿಗಲಿಲ್ಲ, ಇದ್ದ ಡೊಳ್ಳೂ ಹೋಯಿತು.

ಹಾಗಾದರೆ ಮೊದಲನೆಯ ಪ್ರತಿಯನ್ನೇ ಬಿಡುಗಡೆ ಮಾಡಬೇಕೆ? ಅದಕ್ಕಿಂತ ಒಳ್ಳೆಯ ದಾರಿ ಒಂದಿದೆ, ಅದು ಮಿಕ್ಸಿನ ಒಳಗಿದೆ. ಡೊಳ್ಳಿನ ಟ್ರ್ಯಾಕನ್ನು ಬಿಡಿಸಿ ನೋಡಿದರೆ ಹೆಚ್ಚಿನ ಏಟುಗಳು -8ರ ಆಸುಪಾಸಿನಲ್ಲೇ ನಿಂತಿವೆ. ಬಾರಿಸುವವರ ಕೈ ಬಿರುಸಾದ ಮೂರು ಏಟು ಮಾತ್ರ -6.2ರವರೆಗೆ ಹಾರಿವೆ. ಇಡೀ ಹಾಡು ಮೇಲೇರದಂತೆ ತಡೆದಿರುವುದು ಆ ಮೂರೇ ಏಟು. ಅವುಗಳನ್ನು ಟ್ರ್ಯಾಕಿನಲ್ಲೇ ಕೈಯಿಂದ 1.8 ಡೆಸಿಬೆಲ್ ಇಳಿಸಿದರೆ ಏಟಿನ ಆಕಾರ ಕೆಡುವುದಿಲ್ಲ. ಇಡೀ ಏಟು ಒಟ್ಟಿಗೆ ಸ್ವಲ್ಪ ತಗ್ಗುತ್ತದೆ. ಈಗ ಮಿಕ್ಸಿನ ಪೀಕ್ -8, ಲೌಡ್‌ನೆಸ್ ಸುಮಾರಾಗಿ ಮೊದಲಿನ ಹಾಗೇ -19.5. ಇದನ್ನು 8.5 ಡೆಸಿಬೆಲ್ ಏರಿಸಿದರೆ ಹಾಡು -11ಕ್ಕೆ ಬರುತ್ತದೆ, ಲಿಮಿಟರ್ ದೊಡ್ಡ ಏಟುಗಳ ಮೇಲೆ ಒಂದೂವರೆ ಡೆಸಿಬೆಲ್ ಮಾತ್ರ ಕತ್ತರಿಸುತ್ತದೆ. ಅಷ್ಟು ಕತ್ತರಿಸಿದ್ದು ಬಹಳ ಸಲ ಕೇಳಿಸುವುದೇ ಇಲ್ಲ. ನಿರ್ಮಾಪಕರು ತಮ್ಮ ಫೋನಿನಲ್ಲಿ ಫೈಲನ್ನು ನೇರವಾಗಿ ಹಾಕಿ ಕೇಳಿದಾಗ ಸಪ್ಪೆ ಅನ್ನಿಸದಷ್ಟು ಜೋರೂ ಇದೆ. ಕೊನೆಯ ಲಿಮಿಟರಿಗೆ ಹೊರಿಸಬೇಕೆಂದಿದ್ದ ಭಾರವನ್ನು ಮಿಕ್ಸ್ ಸುಲಭವಾಗಿ ಹೊತ್ತಿತು.

ಮಿಕ್ಸಿನಲ್ಲಿ ನೋಡಬೇಕಾದ ಇನ್ನೊಂದು ಜಾಗ ತೀರಾ ಕೆಳಗಿನ ಗುಡುಗು. 30 ಹರ್ಟ್ಸ್ ಸುತ್ತಮುತ್ತಲಿನ ದನಿ ಫೋನಿನಲ್ಲೂ ಇಯರ್‌ಫೋನಿನಲ್ಲೂ ಹೆಚ್ಚು ಕೇಳಿಸುವುದಿಲ್ಲ, ಲೌಡ್‌ನೆಸ್ ಅಳತೆಯೂ ಅದನ್ನು ಹಗುರವಾಗಿ ಎಣಿಸುತ್ತದೆ. ಆದರೆ ಪೀಕಿನಲ್ಲಿ ಅದು ಪೂರ್ತಿ ಜಾಗ ತಿನ್ನುತ್ತದೆ. ಹಾಡಿನಲ್ಲಿ ಏನೂ ದೊಡ್ಡದು ಕೇಳಿಸದಿದ್ದಾಗಲೂ ಲಿಮಿಟರಿನ ಮುಳ್ಳು ಕುಣಿಯುತ್ತಿದ್ದರೆ ಕಾರಣ ಸಾಮಾನ್ಯವಾಗಿ ಇದೇ. ಹಾಡಿಗೆ ಬೇಕಿಲ್ಲದ ಆ ಭಾಗವನ್ನು ಫಿಲ್ಟರ್ ಹಾಕಿ ತೆಗೆದರೆ ಹಾಡು ಸಲೀಸಾಗಿ ಮೇಲೇರುತ್ತದೆ.

ಲಿಮಿಟರ್ ಕೂರಿಸುವ ಕ್ರಮ

ಲಿಮಿಟರ್ ಸರಣಿಯ ಕೊನೆಯಲ್ಲಿರಬೇಕು. ಅದರ ನಂತರ ಮೀಟರ್ ಬಿಟ್ಟು ಬೇರೇನೂ ಬೇಡ. ಈಕ್ವಲೈಜರ್ ಆಗಲಿ ಸ್ಯಾಂಪಲ್ ರೇಟ್ ಬದಲಿಸುವುದಾಗಲಿ ಲಿಮಿಟರ್ ಆದ ಮೇಲೆ ನಡೆದರೆ ಪೀಕ್ ಮತ್ತೆ ಮೇಲೇಳುತ್ತದೆ, ಮಾಡಿದ ಲೆಕ್ಕ ತಪ್ಪುತ್ತದೆ. ಸೀಲಿಂಗ್ ಎಂದಿರುವಲ್ಲಿ -1 ಕೊಡಿ, ಟ್ರೂ ಪೀಕ್ ಎಂಬ ಗುಂಡಿ ಇದ್ದರೆ ಹಾಕಿ. ಕಾರಣವನ್ನು ಮುಂದೆ ಹೇಳುತ್ತೇನೆ.

ಆಮೇಲೆ ಹಾಡಿನ ಅತಿ ತುಂಬಿದ ಭಾಗವನ್ನು ಹಾಕಿ. ನಮ್ಮ ಹಾಡಿನಲ್ಲಿ ಅದು ಕೊನೆಯ ಸಲ ಬರುವ ಪಲ್ಲವಿ: ಗಾಯಕಿ ತಾರಸ್ಥಾಯಿಯಲ್ಲಿದ್ದಾಳೆ, ಡೊಳ್ಳು ಪೂರ್ತಿ ಬಿರುಸಿನಲ್ಲಿದೆ, ಬೇಸ್ ಬಿಡದೆ ನಡೆಯುತ್ತಿದೆ. ಮೆಲ್ಲಗಿರುವ ಆರಂಭಕ್ಕೆ ಸೆಟಿಂಗ್ ಮಾಡಿದರೆ ಇಲ್ಲಿ ಕೈಕೊಡುತ್ತದೆ. ಈ ಭಾಗ ಸುತ್ತಿ ಸುತ್ತಿ ಬರುತ್ತಿರುವಾಗ ಗೇನನ್ನು ನಿಧಾನವಾಗಿ ಏರಿಸುತ್ತಾ ಬನ್ನಿ. ದೊಡ್ಡ ಏಟುಗಳಲ್ಲಿ ಮಾತ್ರ ಮುಳ್ಳು ಒಂದೆರಡು ಡೆಸಿಬೆಲ್ ಕದಲಿ ತಕ್ಷಣ ವಾಪಸು ಬರುತ್ತಿದ್ದರೆ ಸರಿಯಾದ ಜಾಗದ ಹತ್ತಿರ ಇದ್ದೀರಿ. ಮುಳ್ಳು ಪೂರ್ತಿ ವಾಪಸು ಬಾರದೆ ಕೆಳಗೇ ತೂಗುತ್ತಿದ್ದರೆ ಲಿಮಿಟರ್ ಏಟುಗಳನ್ನು ದಾಟಿ ಇಡೀ ಹಾಡನ್ನೇ ಹಿಂಡತೊಡಗಿದೆ ಎಂದು ಅರ್ಥ.

ಇನ್ನು ರಿಲೀಸ್. ಏಟು ದಾಟಿದ ಮೇಲೆ ಲಿಮಿಟರ್ ಎಷ್ಟು ಹೊತ್ತಿನಲ್ಲಿ ಕೈ ಬಿಡಬೇಕು ಎಂಬುದನ್ನು ಇದು ಹೇಳುತ್ತದೆ. ತೀರಾ ನಿಧಾನವಾದರೆ, ಡೊಳ್ಳಿನ ಏಟಿಗೆಂದು ಇಳಿಸಿದ ವಾಲ್ಯೂಮ್ ಏಟು ಹೋದ ಮೇಲೂ ಇಳಿದೇ ಇರುತ್ತದೆ. ಗಾಯಕಿ ಒಂದು ಸ್ವರವನ್ನು ಎಳೆದು ನಿಲ್ಲಿಸಿದ ಕಡೆ ಕಿವಿ ಇಡಿ. ಒಂದೊಂದು ಏಟಿಗೂ ಆ ಸ್ವರ ಕುಗ್ಗಿ ಎದ್ದಂತೆ ಕೇಳಿಸಿದರೆ ರಿಲೀಸ್ ನಿಧಾನವಾಗಿದೆ. ಹಾರ್ಮೋನಿಯಂ ಶ್ರುತಿಯಲ್ಲಿ ಇದು ಇನ್ನೂ ಬೇಗ ಸಿಕ್ಕಿಬೀಳುತ್ತದೆ, ಏಕೆಂದರೆ ಶ್ರುತಿ ತಾನಾಗಿ ಏರಿಳಿಯುವುದಿಲ್ಲ. ರಿಲೀಸ್ ತೀರಾ ವೇಗವಾದರೆ ಬೇರೆ ತೊಂದರೆ: ಬೇಸಿನ ಅಲೆ ಉದ್ದವಾದದ್ದು, ಒಂದು ಅಲೆ ಮುಗಿಯುವುದರೊಳಗೆ ಲಿಮಿಟರ್ ಇಳಿದು ಏರಿಬಿಟ್ಟರೆ ಅಲೆಯ ಆಕಾರವೇ ಕೆಟ್ಟು ಬೇಸ್ ಗರಗರ ಅನ್ನುತ್ತದೆ. ಹಲವು ಲಿಮಿಟರುಗಳಲ್ಲಿ ಹಾಡಿಗೆ ತಕ್ಕಂತೆ ತಾನೇ ಬದಲಾಗುವ ಆಟೋ ರಿಲೀಸ್ ಇದೆ. ಮೊದಲು ಅದರಲ್ಲಿ ಕೇಳಿ, ಮೇಲಿನ ಎರಡು ತೊಂದರೆಗಳಲ್ಲಿ ಯಾವುದಾದರೂ ಕಂಡರೆ ಆಗ ಕೈ ಹಾಕಿ.

ಕೊನೆಗೆ ನಿಜವಾದ ಪರೀಕ್ಷೆ. ಲಿಮಿಟರ್ ಹಾಕಿದ ಹಾಡನ್ನೂ ಹಾಕದ ಹಾಡನ್ನೂ ಒಂದೇ ಜೋರಿಗೆ ತಂದು ಅದಲುಬದಲು ಮಾಡಿ ಕೇಳಬೇಕು. ಹೀಗೆ ಮಾಡದೆ ಲಿಮಿಟರನ್ನು ಸುಮ್ಮನೆ ಹಾಕಿ ತೆಗೆದು ನೋಡಿದರೆ ಹಾಕಿದ್ದೇ ಪ್ರತಿ ಸಲವೂ ಗೆಲ್ಲುತ್ತದೆ, ಏಕೆಂದರೆ ಸ್ವಲ್ಪ ಜೋರಾದದ್ದು ಕಿವಿಗೆ ಯಾವಾಗಲೂ ಚೆನ್ನಾಗಿದೆ ಅನ್ನಿಸುತ್ತದೆ. ಕೆಲವು ಲಿಮಿಟರುಗಳಲ್ಲಿ ಇದಕ್ಕೆಂದೇ ಒಂದು ಗುಂಡಿ ಇರುತ್ತದೆ, ಏರಿಸಿದಷ್ಟನ್ನೂ ಹೊರಬರುವಾಗ ಇಳಿಸಿ ಕೇಳಿಸುತ್ತದೆ. ಅದಿಲ್ಲದಿದ್ದರೆ ಎರಡು ಫೈಲ್ ಮಾಡಿ, ಎರಡನ್ನೂ ಅಳೆದು, ಜೋರಾದದ್ದನ್ನು ವ್ಯತ್ಯಾಸದಷ್ಟು ಇಳಿಸಿದರಾಯಿತು. ಒಂದೇ ಜೋರಿನಲ್ಲಿ ಕೇಳಿದಾಗ ಡೊಳ್ಳು ಹಿಂದೆ ಸರಿದಂತೆ, ಏಟಿನ ಬದಲು ಬರೀ ಗುಂಯ್ ಅನ್ನುವುದು ಉಳಿದಂತೆ, ಹಿಂದಿದ್ದ ರಿವರ್ಬ್ ಮುಂದೆ ನುಗ್ಗಿದಂತೆ ಅನ್ನಿಸಿದರೆ ಒಂದು ಡೆಸಿಬೆಲ್ ಹಿಂದಕ್ಕೆ ಬನ್ನಿ. ಮತ್ತೆ ಕೇಳಿ.

ಮೈನಸ್ ಒಂದು ಏಕೆ

ಸೊನ್ನೆಯವರೆಗೂ ಜಾಗ ಇರುವಾಗ -1ಕ್ಕೇ ನಿಲ್ಲುವುದು ಏಕೆ ಎಂದು ಕೇಳಬಹುದು. ಎರಡು ಕಾರಣಗಳಿವೆ. ಡಿಜಿಟಲ್ ಫೈಲಿನಲ್ಲಿ ಇರುವುದು ಅಲೆಯ ಮೇಲಿನ ಚುಕ್ಕೆಗಳು, ಸೆಕೆಂಡಿಗೆ 44,100 ಚುಕ್ಕೆ. ಕೇಳಿಸುವಾಗ ಈ ಚುಕ್ಕೆಗಳ ನಡುವೆ ಅಲೆ ಮತ್ತೆ ಮೂಡುತ್ತದೆ. ಅಲೆಯ ನಿಜವಾದ ತುದಿ ಎರಡು ಚುಕ್ಕೆಗಳ ನಡುವೆ ಬಂದರೆ ಅದು ಎರಡಕ್ಕಿಂತಲೂ ಎತ್ತರಕ್ಕಿರುತ್ತದೆ. ಚುಕ್ಕೆಗಳನ್ನಷ್ಟೇ ನೋಡುವ ಮೀಟರಿಗೆ ಅದು ಕಾಣುವುದಿಲ್ಲ. ಚುಕ್ಕೆಗಳ ನಡುವಿನದನ್ನೂ ಲೆಕ್ಕ ಹಾಕಿ ತೋರಿಸುವುದು ಟ್ರೂ ಪೀಕ್ ಮೀಟರ್.

ಎರಡನೆಯ ಕಾರಣ ಇನ್ನೂ ದೊಡ್ಡದು. ನೀವು ಕೊಡುವುದು ವೇವ್ ಫೈಲ್. ಕೇಳುಗರಲ್ಲಿ ಹೆಚ್ಚಿನವರಿಗೆ ತಲುಪುವುದು ಅದನ್ನು ಕುಗ್ಗಿಸಿದ ಆಗ್ ವೋರ್ಬಿಸ್, ಎಎಸಿ ಅಥವಾ ಓಪಸ್ ರೂಪ. ಕುಗ್ಗಿಸುವಾಗ ಕಿವಿಗೆ ಬೇಕಿಲ್ಲದ್ದನ್ನು ಕಳೆಯುತ್ತಾರೆ, ಅದರಿಂದ ಅಲೆಯ ಆಕಾರ ಸ್ವಲ್ಪ ಬದಲಾಗಿ ಕೆಲವು ತುದಿಗಳು ಮೊದಲಿಗಿಂತ ಮೇಲೇಳುತ್ತವೆ. ಹಾಡು ಹೆಚ್ಚು ಹಿಂಡಿದಷ್ಟೂ ಸೀಲಿಂಗಿಗೆ ತಾಗಿ ನಿಂತ ತುದಿಗಳು ಹೆಚ್ಚು, ಹಾಗಾಗಿ ಅಪಾಯವೂ ಹೆಚ್ಚು. ಸ್ಪಾಟಿಫೈ ಕಲಾವಿದರಿಗೆ ಕೊಡುವ ಸಲಹೆ ಇದೇ: ಟ್ರೂ ಪೀಕ್ -1ರ ಕೆಳಗಿರಲಿ, ಹಾಡು -14ಕ್ಕಿಂತ ಜೋರಾಗಿದ್ದರೆ -2ರ ಕೆಳಗಿರಲಿ.

ನಂಬಿ ಕೂರುವುದಕ್ಕಿಂತ ಪರೀಕ್ಷಿಸಿಯೇ ನೋಡಬಹುದು. ಎಫ್‌ಎಫ್‌ಎಂಪೆಗ್ ಎಂಬ ಉಚಿತ ಸಾಧನ ಇದಕ್ಕೆ ಸಾಕು. ಮೊದಲು ಹಾಡನ್ನು ಕುಗ್ಗಿಸಿ, ಆಮೇಲೆ ಕುಗ್ಗಿದ ಫೈಲನ್ನು ಅಳೆಯಿರಿ:

```
ffmpeg -i haadu.wav -c:a aac -b:a 128k test.m4a
ffmpeg -i test.m4a -af ebur128=peak=true -f null -
```

ಕೊನೆಯಲ್ಲಿ ಬರುವ ಸಾರಾಂಶದಲ್ಲಿ `I:` ಎಂಬುದರ ಮುಂದೆ ಇಡೀ ಹಾಡಿನ ಲೌಡ್‌ನೆಸ್, `Peak:` ಎಂಬುದರ ಮುಂದೆ ಟ್ರೂ ಪೀಕ್ ಇರುತ್ತದೆ. ಪೀಕ್ ಸೊನ್ನೆಯ ಕೆಳಗಿದ್ದರೆ ಚಿಂತೆಯಿಲ್ಲ. ಸೊನ್ನೆ ದಾಟಿದ್ದರೆ ಸೀಲಿಂಗನ್ನು ಇನ್ನರ್ಧ ಡೆಸಿಬೆಲ್ ಇಳಿಸಿ ಮತ್ತೆ ಅಳೆಯಿರಿ, ಅಥವಾ ಲಿಮಿಟರಿನ ಭಾರ ಕಡಿಮೆ ಮಾಡಿ. ಬಿಡುಗಡೆಗೆ 24 ಬಿಟ್ ವೇವ್ ಫೈಲನ್ನೇ ಕೊಡಿ. ಎಂಪಿ3 ಕೊಟ್ಟರೆ ಹಾಡು ಎರಡು ಸಲ ಕುಗ್ಗುತ್ತದೆ.

ಹದಿನಾಲ್ಕರ ಹಿಂದೆ ಬೀಳಬೇಡಿ

ಇಷ್ಟೆಲ್ಲ ಓದಿದ ಮೇಲೆ ಎಲ್ಲ ಹಾಡನ್ನೂ ಸರಿಯಾಗಿ -14ಕ್ಕೇ ತಂದು ನಿಲ್ಲಿಸಬೇಕು ಅನ್ನಿಸಬಹುದು. ಹಾಗೆ ನಂಬಿದವರು ಬಹಳ ಮಂದಿ. ಆದರೆ -14 ಎಂಬುದು ಕೇಳಿಸುವವರು ತಮ್ಮ ವಾಲ್ಯೂಮ್ ನಿಲ್ಲಿಸುವ ಜಾಗ, ಹಾಡು ಮಾಡುವವರಿಗೆ ಹಾಕಿದ ಕಟ್ಟಳೆಯಲ್ಲ. ಎಲೆಕ್ಟ್ರಿಕ್ ಗಿಟಾರುಗಳ ಗಡುಸು ಹಾಡಿಗೆ ಹಿಂಡಿದ ದನಿಯೇ ಸ್ವಭಾವ. ಅದು -9ರಲ್ಲಿ ಚೆನ್ನಾಗಿ ಕೇಳಿಸಿದರೆ -9ರಲ್ಲೇ ಇರಲಿ. 5 ಡೆಸಿಬೆಲ್ ಇಳಿಸಿ ಕೇಳಿಸುತ್ತಾರೆ, ಅದರಿಂದ ಹಾಡಿಗೆ ಹೊಸದಾಗಿ ಕೆಡುಕೇನೂ ಆಗುವುದಿಲ್ಲ. ಬಲವಂತವಾಗಿ -14ಕ್ಕೆ ಇಳಿಸಿ ಕೊಟ್ಟರೆ ಲಾಭವೂ ಇಲ್ಲ, ಮೇಲಾಗಿ ಜೋರು ಸರಿದೂಗಿಸದ ಕಡೆ ಹಾಡು ಮೆಲ್ಲಗಾಗುತ್ತದೆ. ಸ್ಪಾಟಿಫೈ ತನ್ನ ವೆಬ್ ಪ್ಲೇಯರಿನಲ್ಲಿ ಈ ಸರಿದೂಗಿಸುವಿಕೆ ಮಾಡುವುದಿಲ್ಲ ಎಂದೇ ಹೇಳಿದೆ. ಆ್ಯಪಿನಲ್ಲೂ ಬೇಡದವರು ಆರಿಸಬಹುದು.

ಇದರ ಇನ್ನೊಂದು ತುದಿಯಲ್ಲಿ ಮೆಲುದನಿಯ ಹಾಡುಗಳಿವೆ. ವೀಣೆಯ ಧ್ವನಿಮುದ್ರಣ ಒಂದಿದೆ ಎಂದುಕೊಳ್ಳಿ: ಲೌಡ್‌ನೆಸ್ -20, ಆದರೆ ಮೀಟಿನ ತುದಿಗಳು -5ರವರೆಗೆ ಹೋಗಿವೆ. ಇದನ್ನು -14ಕ್ಕೆ ತರಲು 6 ಡೆಸಿಬೆಲ್ ಏರಿಸಬೇಕು. ಏರಿಸಿದರೆ ಮೀಟು ಸೊನ್ನೆ ದಾಟುತ್ತದೆ. ಸ್ಪಾಟಿಫೈ ಸಾಮಾನ್ಯ ಸೆಟಿಂಗಿನಲ್ಲಿ ಪೀಕ್ -1 ಮುಟ್ಟುವವರೆಗೆ ಮಾತ್ರ, ಅಂದರೆ 4 ಡೆಸಿಬೆಲ್ ಮಾತ್ರ ಏರಿಸಿ -16ಕ್ಕೆ ನಿಲ್ಲಿಸುತ್ತದೆ. ಯೂಟ್ಯೂಬ್ ಏರಿಸುವುದೇ ಇಲ್ಲ, ಅಲ್ಲಿ ಅದು ಪಕ್ಕದ ಹಾಡುಗಳಿಗಿಂತ 6 ಡೆಸಿಬೆಲ್ ಮೆಲ್ಲಗೆ ಕೇಳಿಸುತ್ತದೆ. ಇಲ್ಲಿ ಲಿಮಿಟರಿಗೆ ನ್ಯಾಯವಾದ ಕೆಲಸವಿದೆ. ಇಡೀ ಮುದ್ರಣವನ್ನು 4 ಡೆಸಿಬೆಲ್ ನಾವೇ ಏರಿಸಿ, ಇನ್ನೊಂದು ಡೆಸಿಬೆಲ್‌ಗಾಗಿ ಅತಿ ಎತ್ತರದ ಕೆಲವೇ ಮೀಟುಗಳನ್ನು ಲಿಮಿಟರಿನಿಂದ ತಡೆದರೆ ಹಾಡು -15ಕ್ಕೆ ಬರುತ್ತದೆ. ಅಷ್ಟಕ್ಕೆ ನಿಲ್ಲಿಸಬೇಕು. ಮೀಟಿನ ಮೊನೆ ಮೊಂಡಾಗುವಷ್ಟು ಒತ್ತುವುದಕ್ಕಿಂತ ಕೇಳುಗ ಒಮ್ಮೆ ವಾಲ್ಯೂಮ್ ಏರಿಸಿಕೊಳ್ಳುವುದು ಮೇಲು.

ಆಲ್ಬಮ್ ಆದರೆ ಒಂದೊಂದು ಹಾಡನ್ನೂ ಒಂದೇ ಅಂಕಿಗೆ ತರುವ ಆಸೆ ಬಿಡಿ. ಬರೀ ತಂಬೂರಿಯ ಮೇಲೆ ಹಾಡಿದ ವಚನ, ಡೊಳ್ಳಿನ ಹಾಡಿನಷ್ಟೇ ಜೋರಾಗಿದ್ದರೆ ಕಿವಿಗೆ ಕಸಿವಿಸಿ. ಆಲ್ಬಮನ್ನು ಸಾಲಾಗಿ ಕೇಳುವಾಗ ಸ್ಪಾಟಿಫೈ ಹಾಡುಗಳ ನಡುವಿನ ಏರಿಳಿತವನ್ನು ಹಾಗೇ ಉಳಿಸಿ ಇಡೀ ಆಲ್ಬಮನ್ನು ಒಟ್ಟಿಗೆ ಏರಿಸಿಳಿಸುತ್ತದೆ. ಆದ್ದರಿಂದ ಅತಿ ಜೋರಿನ ಹಾಡಿನ ಮಾಸ್ಟರನ್ನು ಮೊದಲು ಮುಗಿಸಿ, ಉಳಿದವನ್ನು ಅದರ ಪಕ್ಕದಲ್ಲಿ ಕಿವಿಯಿಂದಲೇ ಕೂರಿಸಿ.

ಹಾಡು ಒಪ್ಪಿಗೆ ಮಾಡುವ ನಿರ್ಮಾಪಕರಲ್ಲಿ, ಸಂಗೀತ ನಿರ್ದೇಶಕರಲ್ಲಿ ಒಂದು ಬೇಡಿಕೆ. ವಾಟ್ಸ್‌ಆ್ಯಪಿನಲ್ಲಿ ಬಂದ ಎರಡು ಫೈಲುಗಳನ್ನು ಒಂದರ ಹಿಂದೊಂದು ಹಾಕಿ, ಜೋರಾದದ್ದನ್ನು ಆರಿಸಬೇಡಿ. ಎರಡನ್ನೂ ಒಂದೇ ಲೌಡ್‌ನೆಸ್ಸಿಗೆ ಇಳಿಸಿ ಕಳಿಸಿ ಎಂದು ಮಾಸ್ಟರಿಂಗ್ ಮಾಡುವವರನ್ನು ಕೇಳಿ, ಐದು ನಿಮಿಷದ ಕೆಲಸ ಅದು. ಕೇಳುಗರು ನಿಮ್ಮ ಹಾಡನ್ನು ಕೇಳುವುದು ಹಾಗೆಯೇ, ಬೇರೆ ಹಾಡುಗಳ ನಡುವೆ ಸಮನಾದ ಜೋರಿನಲ್ಲಿ. ಆಗ ಯಾವ ಪ್ರತಿಯಲ್ಲಿ ಡೊಳ್ಳು ಎದೆಗೆ ತಾಗುತ್ತದೋ, ದನಿ ಕುಗ್ಗದೆ ನಿಲ್ಲುತ್ತದೋ ಆ ಪ್ರತಿಯನ್ನು ಬಿಡುಗಡೆ ಮಾಡಿ. ಅದರ ಅಂಕಿ ಒಂಬತ್ತಿರಲಿ, ಹನ್ನೊಂದಿರಲಿ, ಹದಿನಾಲ್ಕಿರಲಿ.